ರಿಯಾಯಿತಿ ಬೇಡ, ಬಿಲ್ ತಿದ್ದಿಕೊಡಿ

ತೊಂಡಾಮುತ್ತೂರಿನ ಸುತ್ತಮುತ್ತಲಿನವರಿಗೆ ದೊಡ್ಡ ಕಾಯಿಲೆ ಬಂದರೆ ಕೊಯಮತ್ತೂರೇ ಗತಿ. ನಮ್ಮ ಚಿಕ್ಕಪ್ಪ ನ್ಯುಮೋನಿಯಾದಿಂದ ಅಲ್ಲಿನ ಖಾಸಗಿ ಆಸ್ಪತ್ರೆಯೊಂದನ್ನು ಸೇರಿ ಗುಣವಾಗಿ ಬಂದರು. ವೈದ್ಯರ ಬಗ್ಗೆ ನಮ್ಮ ದೂರಿಲ್ಲ. ದೂರು ಬಿಲ್ಲಿನದು, ಅದಕ್ಕಿಂತ ಹೆಚ್ಚಾಗಿ ಆಸ್ಪತ್ರೆ ಅದಕ್ಕೆ ಕೊಟ್ಟ ಉತ್ತರದ್ದು.

ಡಿಸ್ಚಾರ್ಜ್ ದಿನ ಕೈಗೆ ಬಂದದ್ದು ಒಟ್ಟು ಮೊತ್ತದ ಒಂದು ಹಾಳೆ. ಕೇಳಿದ ಮೇಲೆ ವಿವರವಾದ ಬಿಲ್ ಬಂತು. ಐಸಿಯುವಿನಿಂದ ವಾರ್ಡಿಗೆ ಬಂದ ದಿನಕ್ಕೆ ಎರಡೂ ಕಡೆಯ ಬಾಡಿಗೆ ಹಾಕಿದ್ದರು. ವಾರ್ಡಿನದು 3,500 ರೂಪಾಯಿ. ಔಷಧಿ ಅಂಗಡಿಯಿಂದ 18 ಆಂಟಿಬಯಾಟಿಕ್ ಇಂಜೆಕ್ಷನ್ ತರಿಸಿದ್ದರು. ನರ್ಸ್ ಚಾರ್ಟಿನಲ್ಲಿ ಕೊಟ್ಟದ್ದು 12. ಉಳಿದ ಆರನ್ನು ಹಿಂದಿರುಗಿಸಿದ ಚೀಟಿ ಫೈಲಿನಲ್ಲೇ ಇತ್ತು, ಹಣ ಮಾತ್ರ ಕಳೆದಿರಲಿಲ್ಲ. ಒಂದಕ್ಕೆ 640ರಂತೆ 3,840. ಎರಡೂ ಸೇರಿ 7,340 ರೂಪಾಯಿ.

"5,000 ಡಿಸ್ಕೌಂಟ್ ಹಾಕಿಕೊಡ್ತೀವಿ, ಮುಗಿಸಿಬಿಡಿ ಸಾರ್," ಎಂದರು ಬಿಲ್ಲಿಂಗ್ ಕೌಂಟರಿನವರು.

ಇದನ್ನು ಒಪ್ಪಬಾರದು. ರಿಯಾಯಿತಿ ಆಸ್ಪತ್ರೆಯ ದಯೆ, ತಪ್ಪಾಗಿ ತೆಗೆದುಕೊಂಡ ಹಣ ವಾಪಸಾಗುವುದು ರೋಗಿಯ ಹಕ್ಕು. ರಿಯಾಯಿತಿ ಎಂದು ಬರೆದ ಬಿಲ್ಲಿನಲ್ಲಿ ಬಳಸದ ಇಂಜೆಕ್ಷನ್ ಬಳಸಿದಂತೆಯೇ ಉಳಿಯುತ್ತದೆ. ಲೆಕ್ಕ ಎಲ್ಲಿ ತಪ್ಪಿತೆಂದು ಆಡಳಿತದವರು ನೋಡುವುದೇ ಇಲ್ಲ. ಪ್ರಶ್ನಿಸಲು ತಿಳಿಯದ ಮುಂದಿನ ರೋಗಿ ಪೂರ್ತಿ ತೆತ್ತು ಹೋಗುತ್ತಾನೆ.

ಆಸ್ಪತ್ರೆ ನಡೆಸುವುದು ದುಬಾರಿ ಎನ್ನುವ ವಾದ ನಿಜವೇ. ಆದರೆ ಅದು ದರದ ಮಾತು. ಕೊಡದ ಔಷಧಿಗೆ ಯಾವ ದರವೂ ಇಲ್ಲ. ಇನ್ನು ದರದ ಕಥೆ ನೋಡಿದರೆ, ದೆಹಲಿ ಭಾಗದ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಪರಿಶೀಲಿಸಿದ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2018ರಲ್ಲಿ ಶೇಕಡಾ 1,737ರವರೆಗೆ ಲಾಭಾಂಶ ಕಂಡಿತ್ತು.

ನಾವು ಬರೆದುಕೊಟ್ಟ ದೂರು ಒಂದೇ ಪುಟದ್ದು. ಬಿಲ್ ಸಂಖ್ಯೆ, ತಪ್ಪಿದ ಎರಡು ಸಾಲು, ಚಾರ್ಟಿನ ಮತ್ತು ಚೀಟಿಯ ನಕಲು, ತಿದ್ದಿದ ಬಿಲ್ ಬೇಕೆಂಬ ಬೇಡಿಕೆ. ಬೈಗುಳ ಒಂದೂ ಇಲ್ಲ. ಅದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಆಸ್ಪತ್ರೆ ಮಣಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಸ್ಪತ್ರೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಆಸ್ಪತ್ರೆಗಳು ವಿವರವಾದ ಬಿಲ್ಲನ್ನು ಕೇಳುವ ಮೊದಲೇ ಕೊಡಲಿ, ಹಿಂದಿರುಗಿಸಿದ ಔಷಧಿಯನ್ನು ಅದರಲ್ಲೇ ಕಳೆದು ತೋರಿಸಲಿ. ಓದುಗರೇ, ಮನೆಗೆ ಹೊರಡುವ ಅವಸರದಲ್ಲಿ ಹಣ ಕಟ್ಟಲೇಬೇಕಾಗಿ ಬಂದರೆ, "ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಎಂದು ದೂರಿನಲ್ಲಿ ಬರೆದುಕೊಟ್ಟೇ ಕಟ್ಟಿ.