ಡ್ಯಾಮ್ ವಿಡಿಯೊ ನೋಡಿದವರು ರೂಮ್ ಕೇಳುತ್ತಾರೆಯೇ?

ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಒಂದಷ್ಟು ತೆರೆದರೂ ಸಾಕು, ಹೊಸಪೇಟೆ, ಕಮಲಾಪುರದ ಹೋಂಸ್ಟೇಗಳ ಇನ್‌ಸ್ಟಾಗ್ರಾಂ ಪುಟಗಳಲ್ಲಿ ನೀರು ಧುಮುಕುವ ರೀಲ್ಸ್ ಕಾಣಿಸುತ್ತವೆ. ಸಾವಿರಾರು ಜನ ನೋಡುತ್ತಾರೆ, ಹಂಚಿಕೊಳ್ಳುತ್ತಾರೆ. ಇಂಥ ರೀಲ್ಸ್ ಅನ್ನೇ ಹೆಚ್ಚು ಹಾಕಬೇಕು ಎಂದು ಮಾಲೀಕರಿಗೆ ಅನ್ನಿಸುವುದು ಸಹಜ. ನನ್ನ ಪ್ರಕಾರ ಹೋಂಸ್ಟೇ ನಡೆಸುವವರು ಮೊದಲು ಕಡಿಮೆ ಮಾಡಬೇಕಾದದ್ದು ಇವನ್ನೇ. ಏಕೆಂದರೆ ರೀಚ್, ಎಂಗೇಜ್‌ಮೆಂಟ್, ವಿಚಾರಣೆ ಮೂರು ಬೇರೆ ಬೇರೆ ಸಂಗತಿಗಳು, ನಾವು ಅವನ್ನು ಒಂದೇ ಎಂಬಂತೆ ಓದುತ್ತೇವೆ.

ರೀಚ್ ಎಂದರೆ ಪೋಸ್ಟ್ ಎಷ್ಟು ಖಾತೆಗಳ ಕಣ್ಣಿಗೆ ಬಿತ್ತು ಎಂಬುದು. ಒಬ್ಬರೇ ನಾಲ್ಕು ಸಲ ನೋಡಿದರೆ ವ್ಯೂಸ್ ನಾಲ್ಕಾಗುತ್ತದೆ, ರೀಚ್ ಒಂದೇ. ಎಂಗೇಜ್‌ಮೆಂಟ್ ಎಂದರೆ ನೋಡಿದವರು ಏನಾದರೂ ಮಾಡಿದ್ದು: ಲೈಕ್, ಕಾಮೆಂಟ್, ಸೇವ್, ಶೇರ್. ವಿಚಾರಣೆ ಎಂದರೆ ‘ಶನಿವಾರ ರೂಮ್ ಇದೆಯಾ, ಬಾಡಿಗೆ ಎಷ್ಟು?’ ಎಂದು ಕೇಳಿದ್ದು. ಮೊದಲ ಎರಡನ್ನು ಇನ್‌ಸ್ಟಾಗ್ರಾಂ ತಾನೇ ಎಣಿಸಿ ಕೊಡುತ್ತದೆ. ಮೂರನೆಯದು ನಡೆಯುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ, ಫೋನಿನಲ್ಲಿ. ಅದನ್ನು ನಾವೇ ಎಣಿಸಬೇಕು, ಎಣಿಸುವವರು ಕಡಿಮೆ.

ನಾಲ್ಕು ಕೋಣೆಗಳ ಒಂದು ಹೋಂಸ್ಟೇಯನ್ನು ಊಹಿಸಿಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಡ್ಯಾಮ್ ರೀಲ್ಸ್ 60,000 ಖಾತೆಗಳನ್ನು ತಲುಪಿ, 3,000 ಲೈಕ್, ಕಾಮೆಂಟ್, ಶೇರ್ ಪಡೆದು, 2 ವಿಚಾರಣೆ ತಂದವು. ಹಬ್ಬದ ಶುಭಾಶಯಗಳು 500 ಜನರನ್ನು ತಲುಪಿ 70 ಲೈಕ್ ಪಡೆದವು, ವಿಚಾರಣೆ ಒಂದೂ ಇಲ್ಲ. ಬೆಳಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಬಂದಿಳಿದವರು ಸುಮಾರು 13 ಕಿಲೋಮೀಟರ್ ದೂರದ ಹಂಪಿಗೆ ಹೋಗುವುದು ಹೇಗೆ, ಬಸ್ ಎಲ್ಲಿ ಸಿಗುತ್ತದೆ, ಆಟೊದವರ ಹತ್ತಿರ ಏನು ಮಾತಾಡಿಕೊಳ್ಳಬೇಕು ಎಂದು ತಿಳಿಸುವ ಪೋಸ್ಟುಗಳು 2,000 ಜನರನ್ನು ತಲುಪಿದವು. 150 ಸೇವ್ ಮತ್ತು ಶೇರ್, 10 ವಿಚಾರಣೆ.

ರೀಚ್ ನೋಡಿದರೆ ಡ್ಯಾಮ್ ಮುಂದೆ. ಎಂಗೇಜ್‌ಮೆಂಟನ್ನು ರೀಚ್‌ನಿಂದ ಭಾಗಿಸಿದರೆ ಶುಭಾಶಯಕ್ಕೆ ಶೇ 14, ದಾರಿಯ ಪೋಸ್ಟಿಗೆ ಶೇ 7.5, ಡ್ಯಾಮಿಗೆ ಶೇ 5. ಅಂದರೆ ಒಂದೂ ರೂಮ್ ತುಂಬಿಸದ ಶುಭಾಶಯವೇ ಗೆದ್ದಂತೆ ಕಾಣುತ್ತದೆ. ಲೈಕ್ ಒತ್ತಿದವರು ನೆಂಟರು, ಸ್ನೇಹಿತರು. ವಿಚಾರಣೆ ಲೆಕ್ಕ ಹಾಕಿದಾಗ ಚಿತ್ರ ತಿರುಗುತ್ತದೆ: ದಾರಿಯ ಪೋಸ್ಟ್ ನೋಡಿದ 200 ಜನರಿಗೊಬ್ಬರು ಕೇಳಿದರು, ಡ್ಯಾಮ್ ನೋಡಿದ 30,000 ಜನರಿಗೊಬ್ಬರು.

ಕಾರಣ ಇನ್‌ಸ್ಟಾಗ್ರಾಂ ತೋರಿಸುವ ಊರುಗಳ ಪಟ್ಟಿಯಲ್ಲಿದೆ. ಯಾವ ಊರಿನವರನ್ನು ತಲುಪಿದೆ ಎಂದು ನೋಡಿದಾಗ ಹೊಸಪೇಟೆ, ಬಳ್ಳಾರಿ, ಕೊಪ್ಪಳ, ಗಂಗಾವತಿಯವರೇ ಮೇಲಿದ್ದರೆ, ಅವರಿಗೆ ಡ್ಯಾಮ್ ಎಂದರೆ ಗದ್ದೆಯ ನೀರು, ರೂಮಿನ ಅಗತ್ಯವಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಜನ ಆತಂಕದಿಂದ ವಿಡಿಯೊಗಳನ್ನು ಹುಡುಕಿ ನೋಡಿದರು. ಆ ಆತಂಕ ನ್ಯಾಯವಾದದ್ದು. ಅದನ್ನು ಒಂದು ಹೋಂಸ್ಟೇಯ ಜನಪ್ರಿಯತೆ ಎಂದು ಓದುವುದು ಮಾತ್ರ ತಪ್ಪು. ಹೊಸಪೇಟೆಯಲ್ಲೇ ಖಾನಾವಳಿ ನಡೆಸುವವರಿಗಾದರೆ ಇದೇ ರೀಲ್ಸ್ ಲಾಭದ್ದಾಗಬಹುದು. ಡ್ಯಾಮ್ ನೋಡಲು ಬರುವ ಸುತ್ತಲಿನವರೇ ಅಲ್ಲಿ ಊಟಕ್ಕೆ ಕೂರುವವರು. ಹಾಗಾಗಿ ಯಾವ ಪೋಸ್ಟ್ ಬಿಡಬೇಕು ಎಂಬುದಕ್ಕೆ ಎಲ್ಲ ಅಂಗಡಿಗೂ ಹೊಂದುವ ಉತ್ತರವಿಲ್ಲ.

ವಿಚಾರಣೆ ಎಣಿಸಲು ದೊಡ್ಡ ಸಾಧನ ಬೇಕಿಲ್ಲ. ಇನ್‌ಸ್ಟಾಗ್ರಾಂ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅದಕ್ಕೇ ‘ವಾಟ್ಸಾಪ್‌ನಲ್ಲಿ ದಾರಿ ಎಂದು ಕಳುಹಿಸಿ’, ‘ಊಟ ಎಂದು ಕಳುಹಿಸಿ’ ಎಂದು ಪ್ರತಿ ಬಗೆಯ ಪೋಸ್ಟಿಗೂ ಒಂದೊಂದು ಪದ ಕೊಡಬಹುದು. ಬಂದ ಸಂದೇಶಕ್ಕೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಚ್ಚಿದರೆ ತಿಂಗಳ ಕೊನೆಗೆ ಲೆಕ್ಕ ಸಿಗುತ್ತದೆ. ಫೋನ್ ಮಾಡಿದವರನ್ನು ‘ನಮ್ಮದು ಎಲ್ಲಿ ನೋಡಿದ್ರಿ?’ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಗೇಟ್ ತೆರೆಯುವುದು ಮಳೆಗಾಲದಲ್ಲಿ, ಹಂಪಿಗೆ ಜನ ಹೆಚ್ಚು ಬರುವುದು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ. ಆಗಸ್ಟಿನ ರೀಲ್ಸನ್ನು ಡಿಸೆಂಬರಿನ ದಾರಿ ಪೋಸ್ಟಿನ ಜೊತೆ ತೂಗಿದರೆ ನಾವು ಅಳೆಯುವುದು ಸೀಸನ್ನನ್ನು, ಪೋಸ್ಟನ್ನಲ್ಲ. ಒಂದೇ ವಾರಗಳಲ್ಲಿ ಹಾಕಿದವನ್ನೇ ಹೋಲಿಸಬೇಕು. ಇನ್ನು, ಒಂದು ಬಗೆಗೆ ಎರಡು ವಿಚಾರಣೆ, ಇನ್ನೊಂದಕ್ಕೆ ಮೂರು ಎಂಬ ವ್ಯತ್ಯಾಸದಿಂದ ಏನನ್ನೂ ತೀರ್ಮಾನಿಸಲಾಗದು; ಇನ್ನಷ್ಟು ವಿಚಾರಣೆ ಕೂಡುವವರೆಗೆ ಕಾಯಬೇಕು.

ರೀಲ್ಸ್ ನೋಡಿ ಫಾಲೋ ಮಾಡಿದವರು ಮೂರು ತಿಂಗಳ ನಂತರ ದಾರಿಯ ಪೋಸ್ಟ್ ನೋಡಿ ರೂಮ್ ಕೇಳಬಹುದಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಆ ನಂಟನ್ನು ಅಂಕಿಗಳು ತೋರಿಸುವುದಿಲ್ಲ. ಆದ್ದರಿಂದ ನಾನು ಶುಭಾಶಯಗಳನ್ನು ಪೂರ್ತಿ ಬಿಡಿ ಎನ್ನುತ್ತೇನೆ, ಡ್ಯಾಮ್ ರೀಲ್ಸನ್ನು ಮಳೆಗಾಲಕ್ಕೆ ಒಂದಕ್ಕೆ ಇಳಿಸಿ ಎನ್ನುತ್ತೇನೆ. ಬಿಡುವುದೆಂದರೆ ಹೊಸದಾಗಿ ಮಾಡದಿರುವುದು, ಹಳೆಯದನ್ನು ಅಳಿಸುವುದಲ್ಲ. ಉಳಿದ ಸಮಯದಲ್ಲಿ ಹಳೆಯ ದಾರಿ ಪೋಸ್ಟುಗಳಲ್ಲಿ ಬಸ್ಸಿನ ವೇಳೆ, ಆಟೊ ಬಾಡಿಗೆ ಬದಲಾಗಿದ್ದರೆ ತಿದ್ದಿ ಮತ್ತೆ ಹಾಕಬಹುದು.