ದುಬೈ ತೀರ್ಪು ದಾವಣಗೆರೆಗೆ ಬಂದಾಗ

ಚನ್ನಗಿರಿಯಲ್ಲಾಗಲಿ ಹೊನ್ನಾಳಿಯಲ್ಲಾಗಲಿ, ಜಗಳೂರು, ನ್ಯಾಮತಿಗಳಲ್ಲಾಗಲಿ ಕೊಲ್ಲಿ ದೇಶಕ್ಕೆ ದುಡಿಯಲು ಹೋದ ಮಗ ಅಲ್ಲಿ ಸಾಲ ಉಳಿಸಿಕೊಂಡು ಊರಿಗೆ ಮರಳಿದರೆ, 'ಅಲ್ಲಿಯ ಕೋರ್ಟು ಇಲ್ಲಿ ಏನು ಮಾಡೀತು?' ಎಂಬ ಧೈರ್ಯ ಹಿರಿಯರಿಗೆ ಇತ್ತು. 2020ರ ಜನವರಿ 17ರಂದು ಈ ಧೈರ್ಯದ ಬುಡ ಅಲುಗಾಡಿತು. ಅಂದು ಕೇಂದ್ರ ಸರ್ಕಾರವು ಸಂಯುಕ್ತ ಅರಬ್ ಎಮಿರೇಟ್ಸನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್‌ನ ಪಟ್ಟಿಗೆ ಸೇರಿಸಿತು. ಅಲ್ಲಿಯ ಹಣದ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯ ತಾನೇ ಕೊಟ್ಟ ಡಿಕ್ರಿಯಂತೆ ಜಾರಿ ಮಾಡಬಹುದು. ಹೊಸ ದಾವೆ ಬೇಕಿಲ್ಲ. ನಾಲ್ಕೂ ತಾಲ್ಲೂಕುಗಳವರಿಗೆ ಆ ನ್ಯಾಯಾಲಯ ದಾವಣಗೆರೆ ಜಿಲ್ಲೆಯದು.

ಒಂದು ಕಲ್ಪಿತ ಉದಾಹರಣೆ ನೋಡೋಣ. ನ್ಯಾಮತಿಯ ಯುವಕನೊಬ್ಬ ದುಬೈನಲ್ಲಿ ಕಾರಿಗೆ ಸಾಲ ಮಾಡಿ, ಕೆಲಸ ಹೋದ ಮೇಲೆ 2020ರ ನವೆಂಬರಿನಲ್ಲಿ ಊರಿಗೆ ಬಂದ. ಬ್ಯಾಂಕು 2021ರ ಮಾರ್ಚ್ 1ರಂದು ಅಲ್ಲಿ ದಾವೆ ಹೂಡಿ ಗೆದ್ದಿತು. ಈಗ ಆತನ ಪಾಲಿನ ಅಡಿಕೆ ತೋಟದ ಮೇಲೆ ಕಣ್ಣಿಟ್ಟು ದಾವಣಗೆರೆಯ ವಕೀಲರೊಬ್ಬರಿಗೆ ಕಾಗದ ಕಳಿಸಿದೆ. ಅರಬ್ಬಿ ತೀರ್ಪು, ಅದರ ಅನುವಾದ ಎಲ್ಲ ಸೇರಿ ಹಲವು ಹಾಳೆ. ಕಚೇರಿಗೆ ಹೊಸದಾಗಿ ಸೇರಿದ ಕಾನೂನು ಪದವೀಧರೆಗೆ ವಹಿಸಿದ ಕೆಲಸ, ಒಂದು ಪುಟದ ಸಾರಾಂಶ.

ಆಕೆ ಮೊದಲು ಬರೆದದ್ದು ಬ್ಯಾಂಕಿನ ಕಥೆ: ಸಾಲ ಎಷ್ಟು, ಎಷ್ಟು ಕಂತು ತಪ್ಪಿತು ಎಂದು. ಹಿರಿಯ ವಕೀಲರು ಅದಕ್ಕೆ ಅಡ್ಡಗೆರೆ ಎಳೆದರು. ಇಲ್ಲಿಯ ನ್ಯಾಯಾಧೀಶರು ಸಾಲದ ವಿಚಾರಣೆಯನ್ನು ಮತ್ತೆ ನಡೆಸುವುದಿಲ್ಲ. ಆ ತೀರ್ಪು 13ನೇ ಸೆಕ್ಷನ್ನಿನ ಅಪವಾದಗಳಿಗೆ ಸಿಕ್ಕಿಬೀಳುತ್ತದೆಯೇ ಎಂದಷ್ಟೇ ನೋಡುತ್ತಾರೆ.

ಮೊದಲ ಪ್ರಶ್ನೆ ಅಧಿಕಾರ ವ್ಯಾಪ್ತಿಯದು. 'ಸಾಲ ದುಬೈನಲ್ಲಿ ಆಯಿತು' ಎಂದು ಆಕೆ ಬರೆದಿದ್ದಳು. ಇದು ಸಾಲದು. ಫರೀದ್‌ಕೋಟೆಯ ರಾಜನ ಖಜಾಂಚಿಯಾಗಿದ್ದವನೊಬ್ಬ ಕೆಲಸ ಬಿಟ್ಟು ಬೇರೆ ಸಂಸ್ಥಾನಕ್ಕೆ ಹೋದ ಮೇಲೆ ಅಲ್ಲಿಯ ಕೋರ್ಟು ಅವನ ವಿರುದ್ಧ ಏಕಪಕ್ಷೀಯ ಡಿಕ್ರಿ ಕೊಟ್ಟಿತ್ತು. 1894ರಲ್ಲಿ ಪ್ರಿವಿ ಕೌನ್ಸಿಲ್ ಅದಕ್ಕೆ ಹೊರಗೆ ಬೆಲೆಯಿಲ್ಲ ಎಂದಿತು. ವ್ಯವಹಾರ ನಡೆದ ಜಾಗವೊಂದೇ ಸಾಕಾಗದು, ದಾವೆಯ ದಿನ ಪ್ರತಿವಾದಿ ಅಲ್ಲಿರಬೇಕು ಅಥವಾ ಆ ಕೋರ್ಟಿಗೆ ತಾನಾಗಿ ಒಪ್ಪಿರಬೇಕು. ನಮ್ಮ ಯುವಕ ದಾವೆಗೆ ಮೊದಲೇ ಊರಿಗೆ ಬಂದಿದ್ದ. ಆದರೆ ಸಾಲಪತ್ರದಲ್ಲಿ ದುಬೈ ಕೋರ್ಟುಗಳಿಗೆ ಒಳಪಡುವುದಾಗಿ ಸಹಿ ಮಾಡಿದ್ದ. ಸಾರಾಂಶದಲ್ಲಿ ಬರಬೇಕಾದದ್ದು ಆ ಷರತ್ತು, ಅದರ ಪುಟಸಂಖ್ಯೆಯೊಂದಿಗೆ.

ಎರಡನೆಯದೇ ನಿಜವಾದ ತೊಡಕು. 'ನೋಟಿಸ್ ಕೊಟ್ಟರೂ ಪ್ರತಿವಾದಿ ಬರಲಿಲ್ಲ' ಎಂದು ತೀರ್ಪಿನಲ್ಲಿತ್ತು. ಆಕೆ ಹಾಗೆಯೇ ಇಳಿಸಿದ್ದಳು. ಯಾವ ವಿಳಾಸಕ್ಕೆ, ಯಾವ ದಿನ, ಯಾವ ರೀತಿ? ಕಡತ ಕೆದಕಿದಾಗ ಸಮನ್ಸು ಆತ ಖಾಲಿ ಮಾಡಿದ್ದ ದುಬೈ ಕೊಠಡಿಗೆ ಹೋಗಿದ್ದು ತಿಳಿಯಿತು. ಪಾಸ್‌ಪೋರ್ಟಿನ ಮುದ್ರೆ ತೋರಿಸಿ 'ನಾನಾಗ ನ್ಯಾಮತಿಯಲ್ಲಿದ್ದೆ, ನನಗೆ ಗೊತ್ತೇ ಆಗಲಿಲ್ಲ' ಎಂದರೆ ಸಹಜ ನ್ಯಾಯದ ಆಕ್ಷೇಪಣೆ ನಿಲ್ಲುವಂಥದ್ದು. ಸಾರಾಂಶದಲ್ಲಿ ಇದನ್ನು ಮುಚ್ಚಿಟ್ಟರೆ ಎದುರು ಪಕ್ಷದ ವಕೀಲರು ತೆರೆದಿಡುತ್ತಾರೆ. ಜೊತೆಗೆ ಕೋರ್ಟು ಸಾಕ್ಷ್ಯ ಪರಿಶೀಲಿಸಿತೇ, ಇಲ್ಲ ಗೈರುಹಾಜರಿಯೊಂದರಿಂದಲೇ ಡಿಕ್ರಿ ಕೊಟ್ಟಿತೇ ಎಂಬುದೂ ಬೇಕು. 2001ರ ಇಂಟರ್‌ನ್ಯಾಷನಲ್ ವೂಲನ್ ಮಿಲ್ಸ್ ಪ್ರಕರಣದಲ್ಲಿ ಗುಣಾವಗುಣ ನೋಡದೆ ಕೊಟ್ಟ ಇಂಗ್ಲೆಂಡಿನ ಏಕಪಕ್ಷೀಯ ಡಿಕ್ರಿಯನ್ನು ಜಾರಿ ಮಾಡಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಅಂತಿಮತೆಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ: ಮೇಲ್ಮನವಿ ಆಗಿತ್ತೇ, ಅವಧಿ ಮುಗಿಯಿತೇ, ಅದಕ್ಕೆ ಆ ನ್ಯಾಯಾಲಯದ ಪತ್ರವಿದೆಯೇ ಎಂದರೆ ಸಾಕು.

ಇನ್ನು ಮೊತ್ತ. ಡಿಕ್ರಿ 90,000 ದಿರ್ಹಾಮಿಗೆ, ಖರ್ಚು 3,000, ದಾವೆಯ ದಿನದಿಂದ ವರ್ಷಕ್ಕೆ ಶೇಕಡಾ 5ರ ಸರಳ ಬಡ್ಡಿ. ಜಾರಿ ಅರ್ಜಿಯ ದಿನ 2024ರ ಮಾರ್ಚ್ 1 ಆದರೆ ಮೂರು ವರ್ಷದ ಬಡ್ಡಿ 13,500, ಒಟ್ಟು 1,06,500. ಅರ್ಜಿಗೆ ಸ್ವಲ್ಪ ಮುನ್ನ, ಅಲ್ಲೇ ಉಳಿದಿದ್ದ ಠೇವಣಿಯಿಂದ 20,000 ಜಮೆಯಾಗಿತ್ತು. ಆಕೆ ಅದನ್ನು ಕಳೆದಿರಲಿಲ್ಲ. ಡಿಕ್ರಿಯ ದೃಢೀಕೃತ ನಕಲಿನ ಜೊತೆಗೆ, ಎಷ್ಟು ತೀರಿದೆ ಎಂಬ ವಿದೇಶಿ ನ್ಯಾಯಾಲಯದ ಪ್ರಮಾಣಪತ್ರವನ್ನೂ 44ಎ ಕೇಳುವುದು ಇದಕ್ಕೇ. ಬಾಕಿ 86,500. ಅದನ್ನು ದಿರ್ಹಾಮಿನಲ್ಲೇ ಬರೆಯಬೇಕು. ಯಾವ ದಿನದ ದರದಲ್ಲಿ ರೂಪಾಯಿಗೆ ತಿರುಗಿಸಬೇಕೆಂಬುದು ನ್ಯಾಯಾಲಯ ತೀರ್ಮಾನಿಸುವ ಮಾತು. ದಂಡ, ತೆರಿಗೆ ಸೇರಿದ್ದರೆ ಆ ಭಾಗ ಈ ದಾರಿಯಲ್ಲಿ ವಸೂಲಾಗದು.

ತೀರ್ಪು ಅಮೆರಿಕದ್ದಾಗಿದ್ದರೆ ಲೆಕ್ಕವೇ ಬೇರೆ. ಆ ದೇಶ ಪಟ್ಟಿಯಲ್ಲಿಲ್ಲ. ತೀರ್ಪಿನ ದಿನದಿಂದ ಮೂರು ವರ್ಷದೊಳಗೆ ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹೂಡಬೇಕು.

ಹಿರಿಯ ವಕೀಲರು ಅರ್ಜಿಯನ್ನು ಅಂದೇ ಹಾಕಲಿಲ್ಲ. ಸಮನ್ಸಿನ ಪೂರ್ತಿ ದಾಖಲೆ ಬೇಕೆಂದು ಬ್ಯಾಂಕಿಗೆ ಪತ್ರ ಬರೆಸಿದರು.