ಮೊದಲ ಕಂತು ಕಟ್ಟುವ ಮೊದಲು

ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಕೆಂಗಲ್ ಅಯ್ಯನಗುಡಿಯ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಎತ್ತಿಗೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಜಾತ್ರೆ ಮುಗಿದು ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ಮನೆಗಳಿಗೆ ಮಕ್ಕಳ ಶಾಲೆಯಿಂದ ಮುಂದಿನ ವರ್ಷದ ಫೀಸಿನ ಸುತ್ತೋಲೆ ಬರುತ್ತದೆ. ಅದರಲ್ಲಿ ನಾವು ನೋಡುವುದು ಎರಡೇ ಸಂಗತಿ. ಒಟ್ಟು ಎಷ್ಟು, ಕಟ್ಟಲು ಕೊನೆಯ ದಿನ ಯಾವುದು. ನಡುವಿನ ಹತ್ತು ಸಾಲನ್ನು ಓದದೆ ಹಾಳೆಯನ್ನು ಮಡಚಿ ಇಡುತ್ತೇವೆ. ಆಮೇಲೆ ಜಗಳಕ್ಕೆ ಕಾರಣವಾಗುವುದು ಆ ಹತ್ತು ಸಾಲೇ.

ಈ ಮಾತನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. ಮೇ ಕೊನೆಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮಗುವಿನ ಟಿ.ಸಿ. ಹಳೆಯ ಶಾಲೆಯಿಂದ ಹೊಸದಕ್ಕೆ ಹೋಗಿರುತ್ತದೆ, ಸಮವಸ್ತ್ರ ಹೊಲಿಸಿ ಆಗಿರುತ್ತದೆ, ಅಕ್ಕಪಕ್ಕದ ಶಾಲೆಗಳಲ್ಲಿ ಸೀಟು ತುಂಬಿರುತ್ತದೆ. ಆಗ ಕೇಳುವ ಪ್ರಶ್ನೆಗೆ ಕಚೇರಿಯ ಕಿಟಕಿಯಲ್ಲಿ ಉತ್ತರ ಸಿಗುವುದಿಲ್ಲ. ಕೇಳಿದರೆ ಉತ್ತರ ಸಿಗುವುದು ಮೊದಲ ಕಂತು ಕಟ್ಟುವ ಮೊದಲು ಮಾತ್ರ.

ಒಂದು ಮಾದರಿ ಸುತ್ತೋಲೆಯನ್ನು ಬಿಡಿಸಿ ನೋಡೋಣ. ಇದು ಯಾವ ಶಾಲೆಯದೂ ಅಲ್ಲ, ಲೆಕ್ಕ ತಿಳಿಯಲೆಂದು ನಾವೇ ಬರೆದುಕೊಂಡದ್ದು. ಒಂದನೇ ತರಗತಿಗೆ ಹೊಸದಾಗಿ ಸೇರುವ ಮಗು. ಅರ್ಜಿ ನಮೂನೆಗೆ 500 ರೂಪಾಯಿ, ಪ್ರವೇಶ ಶುಲ್ಕ 10,000, ಕಾಶನ್ ಡೆಪಾಸಿಟ್ 5,000, ಬೋಧನಾ ಶುಲ್ಕ 28,000, ಅಭಿವೃದ್ಧಿ ಶುಲ್ಕ 4,000, ಸ್ಮಾರ್ಟ್ ಕ್ಲಾಸ್ ಮತ್ತು ಕಂಪ್ಯೂಟರ್ 3,500, ಪುಸ್ತಕ 4,500, ಸಮವಸ್ತ್ರ ಮತ್ತು ಶೂ 3,500, ವ್ಯಾನ್ 12,000, ಕರಾಟೆ ಮತ್ತು ನೃತ್ಯ 3,000. ಎಲ್ಲ ಸೇರಿ 74,000. ಊರಲ್ಲಿ ಯಾರಾದರೂ ‘ಆ ಶಾಲೆ ಫೀಸ್ ಎಷ್ಟಪ್ಪ’ ಎಂದು ಕೇಳಿದರೆ ತಂದೆ ಹೇಳುವುದು ಈ 74,000ವನ್ನೇ. ಆದರೆ ಅದು ಆ ಶಾಲೆಯ ಫೀಸ್ ಅಲ್ಲ.

ಮೊದಲು, ಒಂದೇ ಸಲ ಕಟ್ಟುವ ಹಣವನ್ನು ಬೇರೆ ಮಾಡಿ. ಅರ್ಜಿ ಮತ್ತು ಪ್ರವೇಶ ಶುಲ್ಕ ಸೇರಿ 10,500. ಇದು ಮಗು ಆ ಶಾಲೆಗೆ ಸೇರುವ ದಿನದ ಖರ್ಚು, ಮತ್ತೆ ಬರಬಾರದು. ಆಮೇಲೆ 5,000 ಡೆಪಾಸಿಟ್ ಬೇರೆ ಮಾಡಿ. ಅದು ಖರ್ಚೇ ಅಲ್ಲ, ಶಾಲೆಯ ಬಳಿ ಇರುವ ನಿಮ್ಮ ಹಣ. ವ್ಯಾನ್, ಕರಾಟೆ, ನೃತ್ಯದ 15,000 ಬೇಕಿದ್ದವರಿಗೆ. ಪುಸ್ತಕ, ಬಟ್ಟೆಯ 8,000 ಬೇಕೇ ಬೇಕು, ಆದರೆ ಶಾಲೆಯಲ್ಲೇ ಕೊಳ್ಳಬೇಕೇ ಎಂಬುದು ಬೇರೆ ಪ್ರಶ್ನೆ. ಕೊನೆಗೆ ಉಳಿಯುವುದು 35,500. ಎರಡು ಶಾಲೆಗಳನ್ನು ಹೋಲಿಸುವವರು ಹೋಲಿಸಬೇಕಾದದ್ದು ಈ ಅಂಕಿಯನ್ನು. ಪ್ರತಿ ವರ್ಷ ತಪ್ಪದೆ ಬರುವುದೂ ಇದೇ, ಏರುವುದೂ ಇದೇ.

ಇಲ್ಲಿಂದ ಮುಂದೆ ಎಡವುವ ಜಾಗಗಳು. ಎರಡನೇ ವರ್ಷದ ಸುತ್ತೋಲೆಯಲ್ಲಿ ಪ್ರವೇಶ ಶುಲ್ಕ ಇರಬಾರದು ಎಂದೆವು. ಆದರೆ ಅದು ಬೇರೆ ಹೆಸರು ಹೊತ್ತು ಬರುವುದುಂಟು. ‘ಮರುಪ್ರವೇಶ ಶುಲ್ಕ’, ‘ನವೀಕರಣ ಶುಲ್ಕ’, ‘ವಾರ್ಷಿಕ ನೋಂದಣಿ’ ಎಂಬ ಸಾಲು ಕಂಡರೆ ಹಳೆಯ ಸುತ್ತೋಲೆಯನ್ನು ಪಕ್ಕದಲ್ಲಿ ಇಟ್ಟು ನೋಡಿ. ಕಳೆದ ವರ್ಷ ಇಲ್ಲದ ಸಾಲು ಈ ವರ್ಷ ಇದ್ದರೆ, ಅಥವಾ ಒಂದೇ ಸಲ ಎಂದಿದ್ದ ಮೊತ್ತದ ಹತ್ತಿರದ ಮೊತ್ತ ಹೊಸ ಹೆಸರಲ್ಲಿ ಇದ್ದರೆ, ನೀವು ಅದೇ ಹಣವನ್ನು ಎರಡನೇ ಸಲ ಕಟ್ಟುತ್ತಿದ್ದೀರಿ. ಮಗು ಎಲ್.ಕೆ.ಜಿ.ಯಿಂದ ಅದೇ ಶಾಲೆಯಲ್ಲಿ ಓದುತ್ತಾ ಒಂದನೇ ತರಗತಿಗೆ, ಅಥವಾ ಏಳರಿಂದ ಎಂಟಕ್ಕೆ ಬಂದಾಗ ಈ ಸಾಲು ಹೆಚ್ಚಾಗಿ ತಲೆ ಎತ್ತುತ್ತದೆ. ಆದ್ದರಿಂದ ಸೇರಿಸುವ ದಿನವೇ ಕೇಳಬೇಕು: ‘ಈ ಪ್ರವೇಶ ಶುಲ್ಕ ಹತ್ತನೇ ತರಗತಿಯವರೆಗೂ ಸೇರಿಯಾ, ಅಥವಾ ಹೈಸ್ಕೂಲಿಗೆ ಮತ್ತೆ ಕಟ್ಟಬೇಕಾ?’

ಡೆಪಾಸಿಟ್ ವಿಷಯದಲ್ಲಿ ನಮ್ಮ ಜನ ಕಳೆದುಕೊಳ್ಳುವುದು ಮರೆವಿನಿಂದ. ಐದು ಸಾವಿರ ಕಟ್ಟಿದ ರಸೀದಿ ಹತ್ತು ವರ್ಷ ಇಟ್ಟುಕೊಳ್ಳುವವರು ಎಷ್ಟು ಮಂದಿ? ಸುತ್ತೋಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಲ ರಸೀದಿ ತಂದರೆ ಮಾತ್ರ, ಟಿ.ಸಿ. ಪಡೆದ ಇಂತಿಷ್ಟು ದಿನದೊಳಗೆ ಅರ್ಜಿ ಕೊಟ್ಟರೆ ಮಾತ್ರ, ಬಾಕಿ ಕಳೆದು ಉಳಿದದ್ದು ಮಾತ್ರ ಎಂದು ಇರಬಹುದು. ಆ ದಿನದ ಲೆಕ್ಕ ಎಷ್ಟು, ನಷ್ಟದ ಹೆಸರಲ್ಲಿ ಏನೇನು ಕಳೆಯುತ್ತಾರೆ ಎಂಬುದನ್ನು ಓದಿ. ದೆಹಲಿಯ ಶಿಕ್ಷಣ ನಿರ್ದೇಶನಾಲಯ 1999ರಲ್ಲೇ ಈ ಬಗ್ಗೆ ಸ್ಪಷ್ಟ ಆದೇಶ ಮಾಡಿತು. ಕಾಶನ್ ಡೆಪಾಸಿಟ್ 500 ರೂಪಾಯಿ ಮೀರಬಾರದು, ಅದನ್ನು ಬ್ಯಾಂಕಿನಲ್ಲಿ ಇಡಬೇಕು, ಮಗು ಶಾಲೆ ಬಿಡುವಾಗ ಪೋಷಕರು ಕೇಳಲಿ ಬಿಡಲಿ ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂದಿತು. ಆ ಆದೇಶ ನಮ್ಮ ರಾಜ್ಯಕ್ಕೆ ಅನ್ವಯಿಸುವುದಿಲ್ಲ. ಆದರೂ ‘ಡೆಪಾಸಿಟ್’ ಎಂಬ ಪದದ ಅರ್ಥ ಏನಿರಬೇಕು ಎನ್ನುವುದಕ್ಕೆ ಅದೊಂದು ಅಳತೆಗೋಲು. ಐದು ಸಾವಿರದ ಜಾಗದಲ್ಲಿ ಐವತ್ತು ಸಾವಿರ, ಒಂದು ಲಕ್ಷ ಡೆಪಾಸಿಟ್ ಕೇಳಿ ‘ವರ್ಷವರ್ಷದ ಫೀಸಿನಲ್ಲಿ ರಿಯಾಯಿತಿ ಕೊಡುತ್ತೇವೆ’ ಎಂದರೆ ಅದು ಶಾಲೆಗೆ ನೀವು ಕೊಡುವ ಸಾಲ. ಆಧಾರವಿಲ್ಲದ ಸಾಲ. ಗೂಡು ಮಾರಿ ಬಂದ ದುಡ್ಡನ್ನು ಅಲ್ಲಿ ಇಡುವ ಮೊದಲು ಹತ್ತು ಸಲ ಯೋಚಿಸಿ.

ವ್ಯಾನ್ ಐಚ್ಛಿಕ ಎಂದು ಎಲ್ಲರಿಗೂ ಗೊತ್ತು. ಕೆಂಗಲ್ಲಿನಂಥ ಕಡೆ, ಒಂದು ದಿಕ್ಕಿಗೆ ರಾಮನಗರ, ಇನ್ನೊಂದು ದಿಕ್ಕಿಗೆ ಚನ್ನಪಟ್ಟಣ, ನಡುವೆ ಹೆದ್ದಾರಿ ಇರುವಲ್ಲಿ ಚಿಕ್ಕ ಮಕ್ಕಳಿಗೆ ಅದು ಬೇಕೂ ಬೇಕು. ಗಮನಿಸಬೇಕಾದದ್ದು ಬೇರೆ. 12,000 ಎಂಬುದು ಹತ್ತು ತಿಂಗಳಿಗೋ ಹನ್ನೆರಡು ತಿಂಗಳಿಗೋ? ಹತ್ತಕ್ಕಾದರೆ ತಿಂಗಳಿಗೆ 1,200, ಹನ್ನೆರಡಕ್ಕಾದರೆ ಶಾಲೆ ನಡೆಯದ ಬೇಸಿಗೆಯ ಎರಡು ತಿಂಗಳಿಗೂ ಸಾವಿರದಂತೆ ಕಟ್ಟುತ್ತೀರಿ. ದಸರಾ ನಂತರ ವ್ಯಾನ್ ಬೇಡವೆಂದರೆ ಉಳಿದ ಹಣ ಬಿಡುತ್ತಾರೋ, ಇಡೀ ವರ್ಷದ್ದು ಕಟ್ಟಲೇಬೇಕೋ? ಕರಾಟೆ, ನೃತ್ಯದ ವಿಷಯದಲ್ಲಿ ಪರೀಕ್ಷೆ ಇನ್ನೂ ಸುಲಭ. ಆ ಪಾಠ ಶಾಲೆಯ ವೇಳಾಪಟ್ಟಿಯ ಒಳಗೆ ಎಲ್ಲ ಮಕ್ಕಳಿಗೂ ನಡೆಯುತ್ತಿದ್ದರೆ ಅದು ಐಚ್ಛಿಕ ಅಲ್ಲ, ಬೋಧನಾ ಶುಲ್ಕವನ್ನೇ ಎರಡು ಸಾಲಾಗಿ ಬರೆದಿದ್ದಾರೆ. ಸಂಜೆ ಶಾಲೆ ಬಿಟ್ಟ ಮೇಲೆ ನಡೆಯುತ್ತಿದ್ದರೆ ಬೇಡ ಎನ್ನುವ ಹಕ್ಕು ನಿಮಗಿದೆ, ಆ ಸಾಲಿನ ಹಣ ಬಿಟ್ಟು ಕಟ್ಟಬಹುದು.

ಸಾಲುಗಳು ಬೇರೆ ಬೇರೆ ಇರುವುದರ ಬೆಲೆ ಕೊರೊನಾ ಕಾಲದಲ್ಲಿ ಗೊತ್ತಾಯಿತು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಆ ಶೈಕ್ಷಣಿಕ ವರ್ಷಕ್ಕೆ ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ಪಡೆಯಬೇಕೆಂದು ಆದೇಶಿಸಿತು. ಮೇ ತಿಂಗಳಲ್ಲಿ ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಕ್ಕಳು ಬಳಸದ ಸೌಲಭ್ಯಗಳಿಂದ ಶಾಲೆಗೆ ಉಳಿತಾಯವಾಗಿದೆ ಎಂದು ಶೇ 15ರಷ್ಟು ಕಡಿತ ಮಾಡಿತು. ಅದನ್ನೇ ಅನುಸರಿಸಿ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟ್ ರಾಜ್ಯದ ಆದೇಶವನ್ನು ಬದಲಿಸಿ ಶೇ 15ರ ಕಡಿತಕ್ಕೆ ಇಳಿಸಿತು. ಸರ್ಕಾರದ ಆದೇಶ ನಿಂತಿದ್ದೇ ‘ಬೋಧನಾ ಶುಲ್ಕ’ ಎಂಬ ಒಂದು ಪದದ ಮೇಲೆ. ‘ವಾರ್ಷಿಕ ಶುಲ್ಕ’ ಎಂದು ಎಲ್ಲವನ್ನೂ ಒಟ್ಟು ಮಾಡಿದ ರಸೀದಿ ಹಿಡಿದವನು ಅದರಲ್ಲಿ ಬೋಧನೆಯದೆಷ್ಟು ಎಂದು ಹೇಗೆ ತೋರಿಸಬೇಕು? ಬಿಡದಿಯ ಕಾರ್ಖಾನೆಗಳಲ್ಲಿ ದುಡಿಯುತ್ತಾ ಹಳೆಯ ತೆರಿಗೆ ಪದ್ಧತಿಯಲ್ಲೇ ಇರುವವರಿಗೂ ಇದೇ ತೊಡಕು. ಆದಾಯ ತೆರಿಗೆಯ ವಿನಾಯಿತಿ ಇರುವುದು ಬೋಧನಾ ಶುಲ್ಕಕ್ಕೆ, ಅಭಿವೃದ್ಧಿ ಶುಲ್ಕಕ್ಕೂ ವಂತಿಗೆಗೂ ಅಲ್ಲ.

ಇದನ್ನೆಲ್ಲ ಇಲಾಖೆ ನೋಡಿಕೊಳ್ಳುತ್ತದೆ ಎಂದುಕೊಂಡಿರುವ ಓದುಗರಿಗೆ ಒಂದು ಎಚ್ಚರಿಕೆ. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಫೀಸನ್ನು ನಿಯಂತ್ರಿಸುವ 48ನೇ ಕಲಮು ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸದು ಎಂದು 2023ರ ಜನವರಿಯಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿದೆ. ಆದ್ದರಿಂದ ‘ಫೀಸ್ ಜಾಸ್ತಿ ಆಯಿತು’ ಎಂಬ ದೂರು ಬಿಇಒ ಕಚೇರಿಯಲ್ಲಿ ಬಹಳ ದೂರ ಹೋಗುವುದಿಲ್ಲ. ಹೋಗಬಲ್ಲ ದೂರು ಇನ್ನೊಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆ ಪ್ರಕಟಿಸಿದ ಶುಲ್ಕ ಬಿಟ್ಟು ಪ್ರವೇಶದ ಹೊತ್ತಿನಲ್ಲಿ ಪಡೆಯುವ ಯಾವುದೇ ವಂತಿಗೆ, ಕಾಣಿಕೆ, ಪಾವತಿ ಕ್ಯಾಪಿಟೇಷನ್ ಶುಲ್ಕ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುವಾಗ ಅದನ್ನು ಪಡೆದರೆ, ಪಡೆದದ್ದರ ಹತ್ತು ಪಟ್ಟಿನವರೆಗೆ ದಂಡ. ಅಂದರೆ ಸುತ್ತೋಲೆಯಲ್ಲಿ ಏನಿದೆ ಎಂಬುದಷ್ಟೇ ಅಲ್ಲ, ಏನಿಲ್ಲ ಎಂಬುದೂ ಮುಖ್ಯ. ‘ಬಿಲ್ಡಿಂಗ್ ಫಂಡಿಗೆ ಇಪ್ಪತ್ತು ಸಾವಿರ ಕೊಡಿ, ಇದಕ್ಕೆ ರಸೀದಿ ಬರಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ಆ ದಿನವೇ ಸುತ್ತೋಲೆಯ ಪ್ರತಿ ಲಗತ್ತಿಸಿ ಬಿಇಒಗೆ ಬರೆದುಕೊಡಿ, ಡಿಡಿಪಿಐ ಕಚೇರಿಗೂ ಒಂದು ಪ್ರತಿ ಕಳಿಸಿ. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸುತ್ತೋಲೆ ಕೈಯಲ್ಲಿ ಇಲ್ಲದಿದ್ದರೆ ಪ್ರಕಟಿಸಿದ್ದು ಯಾವುದು, ಪ್ರಕಟಿಸದ್ದು ಯಾವುದು ಎಂದು ತೋರಿಸಲು ಏನೂ ಇರುವುದಿಲ್ಲ.

ಸೀಟು ಬೇಡವೆಂದು ಹಿಂದೆ ಸರಿದರೆ ಏನಾಗುತ್ತದೆ ಎಂಬುದೂ ಬರಹದಲ್ಲಿ ಇರಬೇಕು. ಕಾಲೇಜುಗಳಿಗೆ ಯುಜಿಸಿಯ ಮರುಪಾವತಿ ನಿಯಮ ಇದೆ, ಅದು ಶಾಲೆಗಳಿಗೆ ಅಲ್ಲ. ಏಪ್ರಿಲಿನಲ್ಲಿ ಕಟ್ಟಿ ಮೇನಲ್ಲಿ ಊರು ಬಿಡಬೇಕಾಗಿ ಬಂದರೆ ಬೋಧನಾ ಶುಲ್ಕದಲ್ಲಿ ಎಷ್ಟು ವಾಪಸ್ ಎಂಬುದನ್ನು ಆಮೇಲೆ ಕೇಳಿ ಪ್ರಯೋಜನವಿಲ್ಲ.

ಆದ್ದರಿಂದ ಪೋಷಕರಲ್ಲಿ ಕೇಳಿಕೊಳ್ಳುವುದಿಷ್ಟು. ಸುತ್ತೋಲೆ ಬಂದ ದಿನ ಪೆನ್ಸಿಲ್ ಹಿಡಿದು ಪ್ರತಿ ಸಾಲಿನ ಪಕ್ಕ ‘ಒಂದೇ ಸಲ’, ‘ವಾಪಸ್’, ‘ಬೇಕಿದ್ದರೆ’, ‘ಪ್ರತಿ ವರ್ಷ’ ಎಂದು ಬರೆಯಿರಿ. ಯಾವ ಸಾಲಿಗೆ ಏನು ಬರೆಯಬೇಕೆಂದು ತಿಳಿಯುವುದಿಲ್ಲವೋ ಅದನ್ನು ಕಚೇರಿಯಲ್ಲಿ ಕೇಳಿ, ಉತ್ತರವನ್ನು ಸುತ್ತೋಲೆಯ ಮೇಲೆಯೇ ಬರೆಸಿ ಮುದ್ರೆ ಹಾಕಿಸಿಕೊಳ್ಳಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಲಾ ಆಡಳಿತ ಮಂಡಳಿಗಳಲ್ಲೂ ಒಂದು ಕೋರಿಕೆ: ಈ ವರ್ಷದ ಸುತ್ತೋಲೆ ಅಚ್ಚಿಗೆ ಹೋಗುವ ಮೊದಲು ಮೊತ್ತದ ಪಕ್ಕ ಆ ಒಂದು ಕಾಲಮನ್ನು ನೀವೇ ಸೇರಿಸಿ, ಕನ್ನಡದಲ್ಲಿ.